‘ಶುಭೋದಯ’ ಮತ್ತು ‘ತಿಂಡಿ ಆಯ್ತಾ’: ಕನ್ನಡದ ದಿನಬಳಕೆಯಲ್ಲಿ ಹೊತ್ತಿನ ವಂದನೆಗಳು

ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವ ಕೈಪಿಡಿಗಳ ಮೊದಲ ಪಾಠದಲ್ಲಿ ‘ಗುಡ್ ಮಾರ್ನಿಂಗ್’ ಎಂಬುದಕ್ಕೆ ಸಂವಾದಿಯಾಗಿ ‘ಶುಭೋದಯ’ ಎಂಬ ಪದವನ್ನು ಕೊಡುವುದು ರೂಢಿ. ಇದನ್ನು ನಂಬಿ ಕಲಿತವನು ಬೆಳಿಗ್ಗೆ ಸೊಪ್ಪಿನವಳಿಗೆ ‘ಶುಭೋದಯ’ ಎಂದರೆ ಆಕೆ ನಗುತ್ತಾಳೆ, ಇಲ್ಲವೆ ಉತ್ತರ ತೋಚದೆ ಸುಮ್ಮನಾಗುತ್ತಾಳೆ. ಪದ ಆಕೆಗೆ ತಿಳಿಯದ್ದೇನಲ್ಲ. ಅದರ ರಚನೆಯಲ್ಲಿಯೂ ವ್ಯಾಕರಣದ ದೋಷವಿಲ್ಲ. ಆದರೂ ಅದು ಎದುರುಬದುರಿನ ಮಾತಿನಲ್ಲಿ ಹೊಂದದೆ ನಿಲ್ಲುತ್ತದೆ. ಹೀಗಾಗಲು ಕಾರಣವೇನು, ಆ ಸ್ಥಾನದಲ್ಲಿ ಕನ್ನಡಿಗರು ವಾಸ್ತವವಾಗಿ ಏನನ್ನು ಬಳಸುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಮೊದಲಿಗೆ ಪದದ ಅರ್ಥವ್ಯಾಪ್ತಿ. ‘ಶುಭ’ ಮತ್ತು ‘ಉದಯ’ ಗುಣಸಂಧಿಯಿಂದ ಕೂಡಿ ‘ಶುಭೋದಯ’ವಾಗಿದೆ. ಇಂಗ್ಲಿಷಿನ ‘ಮಾರ್ನಿಂಗ್’ ನಡುಹಗಲಿನವರೆಗೂ ಹರಡಿಕೊಳ್ಳುತ್ತದೆ. ‘ಉದಯ’ವು ಸೂರ್ಯ ಮೂಡುವ ಹೊತ್ತಿಗೆ ಅಂಟಿಕೊಂಡಿದೆ. ಹಾಗಾಗಿ ಕಚೇರಿಯಲ್ಲಿ ಹನ್ನೊಂದು ಗಂಟೆಗೆ ‘ಗುಡ್ ಮಾರ್ನಿಂಗ್’ ಸಹಜವಾದರೆ, ಅದೇ ಹೊತ್ತಿನಲ್ಲಿ ಹೇಳಿದ ‘ಶುಭೋದಯ’ ತಡವಾಗಿ ಬಂದಂತೆ ಕೇಳಿಸುತ್ತದೆ. ಆದರೆ ಬೆಳಿಗ್ಗೆ ಆರು ಗಂಟೆಗೂ ಈ ಪದ ನೆರೆಯವರ ನಡುವೆ ಸಲ್ಲುವುದಿಲ್ಲವಾದ್ದರಿಂದ ಅರ್ಥವ್ಯಾಪ್ತಿಯೊಂದೇ ಪೂರ್ಣ ಕಾರಣವಾಗಲಾರದು.

ಎರಡನೆಯ ಕಾರಣ ರೂಪಕ್ಕೆ ಸಂಬಂಧಿಸಿದ್ದು. ಕನ್ನಡದಲ್ಲಿ ಒಬ್ಬರನ್ನು ಮಾತನಾಡಿಸುವುದೆಂದರೆ ಅವರೊಡನೆ ತನಗಿರುವ ಸಂಬಂಧವನ್ನು ರೂಪದಲ್ಲಿಯೇ ಸೂಚಿಸುವುದು. ‘ತಿಂಡಿ ಆಯ್ತೇನ್ರಿ’, ‘ಆಯ್ತೇನೋ’, ‘ಆಯ್ತೇನೇ’, ‘ಆಯ್ತೇನಪ್ಪಾ’ ಎಂಬ ರೂಪಗಳಲ್ಲಿ ಕ್ರಿಯೆ ಒಂದೇ. ಕೊನೆಯ ಪ್ರತ್ಯಯ ಮಾತ್ರ ಗೌರವ, ಸಲಿಗೆ, ಲಿಂಗ, ವಾತ್ಸಲ್ಯಗಳನ್ನು ಬೇರೆಬೇರೆಯಾಗಿ ತೋರುತ್ತದೆ. ‘ಶುಭೋದಯ’ದಲ್ಲಿ ಇಂತಹ ಪ್ರತ್ಯಯಕ್ಕೆ ಎಡೆಯಿಲ್ಲ. ಹಿರಿಯರಿಗೂ ಕಿರಿಯರಿಗೂ ಅದು ಒಂದೇ ಮುಖ ತೋರುತ್ತದೆ. ‘ಶುಭೋದಯ ಅಜ್ಜಿ’ ಎಂದು ಸಂಬೋಧನೆಯನ್ನು ಜೋಡಿಸಿದರೂ ಆ ಬಿಗಿ ಸಡಿಲವಾಗುವುದಿಲ್ಲ.

ಇದೇ ಗುಣದಿಂದಾಗಿ, ಕೇಳುವವರು ಯಾರೆಂದು ಗೊತ್ತಿಲ್ಲದ ಸಂದರ್ಭಗಳಲ್ಲಿ ಈ ಪದ ಸರಿಯಾಗಿ ಕೂಡುತ್ತದೆ. ಚಂದನ ವಾಹಿನಿಯ ‘ಶುಭೋದಯ ಕರ್ನಾಟಕ’ ಎಂಬ ಕಾರ್ಯಕ್ರಮದ ಹೆಸರು ಯಾರಿಗೂ ಅಸಹಜವೆನಿಸುವುದಿಲ್ಲ. ವಾಟ್ಸ್ಆ್ಯಪ್ ಗುಂಪುಗಳಿಗೆ ಹೂವಿನ ಚಿತ್ರದೊಡನೆ ಬರುವ ‘ಶುಭೋದಯ’ವೂ ಹಾಗೆಯೇ. ಅಲ್ಲಿ ಮಾತು ಹಲವರನ್ನು ಒಟ್ಟಿಗೆ ಉದ್ದೇಶಿಸುತ್ತದೆ. ಯಾರೊಬ್ಬರ ಸ್ಥಾನವನ್ನೂ ಪ್ರತ್ಯೇಕವಾಗಿ ಗುರುತಿಸಬೇಕಾಗಿಲ್ಲ. ಗುಂಪಿಗೆ ಈ ಸಂದೇಶ ಕಳಿಸಿದವರೇ ಕೆಲವು ನಿಮಿಷಗಳ ಬಳಿಕ ಬಾಗಿಲಲ್ಲಿ ಕಂಡ ನೆರೆಯವರನ್ನು ‘ಏನ್ರೀ, ಕಾಫಿ ಆಯ್ತಾ?’ ಎಂದು ಮಾತನಾಡಿಸುತ್ತಾರೆ. ಆದ್ದರಿಂದ ‘ಶುಭೋದಯ’ವನ್ನು ತಪ್ಪು ಪದವೆನ್ನುವುದಕ್ಕಿಂತ ಬರಹಕ್ಕೂ ಪ್ರಸಾರಕ್ಕೂ ಸೇರಿದ ಪದವೆನ್ನುವುದು ಯುಕ್ತ.

ಎದುರುಬದುರಿನ ಮಾತಿನಲ್ಲಿ ಹೊತ್ತನ್ನು ಗುರುತಿಸುವ ಕೆಲಸವನ್ನು ಕನ್ನಡವು ಬಹುಮಟ್ಟಿಗೆ ಆಹಾರದ ಪ್ರಶ್ನೆಗಳಿಗೆ ಒಪ್ಪಿಸಿದೆ. ಮಾಹಿತಿಗಿಂತ ಸಂಬಂಧದ ಪಾಲನೆಗಾಗಿ ಆಡುವ ಮಾತನ್ನು ಮಾಲಿನೋವ್‌ಸ್ಕಿ 1923ರಲ್ಲಿ ‘ಫ್ಯಾಟಿಕ್ ಕಮ್ಯೂನಿಯನ್’ ಎಂದು ಕರೆದನು. ‘ತಿಂಡಿ ಆಯ್ತಾ’ ಎಂಬುದು ಈ ಬಗೆಯ ಮಾತು. ಇದಕ್ಕೆ ರೂಢಿಯ ಉತ್ತರ ‘ಆಯ್ತು, ನಿಮ್ದು?’ ತಿನ್ನದವರೂ ಅನೇಕ ವೇಳೆ ಹೀಗೆಯೇ ಹೇಳುತ್ತಾರೆ; ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಆದರೆ ‘ಇಲ್ಲ, ಇನ್ನೂ ಆಗಿಲ್ಲ’ ಎಂಬ ಉತ್ತರ ಬಂದೊಡನೆ ವಂದನೆಯು ನಿಜವಾದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಕೇಳಿದವರು ‘ಯಾಕೆ?’ ಎಂದೋ ‘ಬನ್ನಿ, ನಮ್ಮಲ್ಲೇ ತಿನ್ನಿ’ ಎಂದೋ ಹೇಳಲೇಬೇಕಾಗುತ್ತದೆ. ಆ ಭಾರವನ್ನು ಕೇಳಿದವರ ಮೇಲೆ ಹೊರಿಸಬಾರದೆಂಬ ಸೌಜನ್ಯವೂ ‘ಆಯ್ತು’ ಎಂಬುದರ ಹಿಂದಿದೆ.

ಒಂದು ಕಾಲೇಜಿನ ದಿನವನ್ನು ಮಾದರಿಯಾಗಿ ಇಟ್ಟುಕೊಂಡು ಇದನ್ನು ವಿವರಿಸಬಹುದು. ಮೈಸೂರು ಸೀಮೆಯ ಅಧ್ಯಾಪಕರೊಬ್ಬರು ಏಳು ಗಂಟೆಗೆ ಪಕ್ಕದ ಮನೆಯವರಿಗೆ ‘ಕಾಫಿ ಆಯ್ತಾ?’ ಎನ್ನುತ್ತಾರೆ. ಒಂಬತ್ತೂವರೆಗೆ ಕಾವಲುಗಾರ ಎದ್ದುನಿಂತು ‘ನಮಸ್ಕಾರ ಸಾರ್’ ಎಂದಾಗ ಅವರೂ ‘ನಮಸ್ಕಾರ, ತಿಂಡಿ ಆಯ್ತೇನಪ್ಪಾ?’ ಎನ್ನುತ್ತಾರೆ. ಹತ್ತು ಗಂಟೆಗೆ ವಿದ್ಯಾರ್ಥಿಗಳು ‘ಗುಡ್ ಮಾರ್ನಿಂಗ್ ಸರ್’ ಎನ್ನುತ್ತಾರೆ. ಎರಡು ಗಂಟೆಗೆ ಸಹೋದ್ಯೋಗಿ ಕಂಡಾಗ ‘ಊಟ ಆಯ್ತಾ?’ ಎಂಬ ಮಾತು ಬರುತ್ತದೆ. ಇವರಿಬ್ಬರೂ ಬೆಳಿಗ್ಗೆಯೇ ಒಮ್ಮೆ ಭೇಟಿಯಾಗಿದ್ದವರು. ‘ನಮಸ್ಕಾರ’ವನ್ನು ಅದೇ ದಿನ ಅದೇ ವ್ಯಕ್ತಿಗೆ ಮತ್ತೆ ಹೇಳಿದರೆ ತುಸು ಔಪಚಾರಿಕವೆನಿಸುತ್ತದೆ, ‘ಗುಡ್ ಮಾರ್ನಿಂಗ್’ಅನ್ನು ಎರಡನೆಯ ಸಲ ಹೇಳಿದರೆ ಮರೆವಿನ ಲಕ್ಷಣವಾಗುತ್ತದೆ. ಆಹಾರದ ಪ್ರಶ್ನೆಯಾದರೋ ಹೊತ್ತು ತಿರುಗಿದಂತೆ ಹೊಸದಾಗುತ್ತದೆ. ದಿನಕ್ಕೆ ಹಲವು ಬಾರಿ ಎದುರಾಗುವ ಜನರ ನಡುವೆ ಇದು ಉಳಿದು ಬಂದಿರುವುದಕ್ಕೆ ಈ ಅನುಕೂಲವೂ ಕಾರಣವಿರಬೇಕು.

ಈ ಪ್ರಶ್ನೆಗಳಿಗೂ ತಮ್ಮದೇ ಗಡಿಯಾರವಿದೆ. ಅದು ಊರೂರಿಗೆ ಭಿನ್ನ. ಉತ್ತರ ಕರ್ನಾಟಕದಲ್ಲಿ ‘ಚಾ ಆತೇನ್ರಿ’, ‘ನಾಷ್ಟಾ ಆತೇನ್ರಿ’ ಎಂಬ ರೂಪಗಳು ಕೇಳಿಬರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ‘ಊಟ ಆಯ್ತಾ’ ಎಂದರೆ ಬೆಂಗಳೂರಿನ ಕಚೇರಿಯಲ್ಲಿ ಹೊತ್ತು ತಪ್ಪಿದಂತೆ ತೋರುತ್ತದೆ. ಹೊಲದ ಕೆಲಸಕ್ಕೆ ಮುನ್ನ ಮುದ್ದೆ ಉಣ್ಣುವ ಮನೆಗಳಲ್ಲಿ ಅದೇ ಮಾತು ಅದೇ ಹೊತ್ತಿಗೆ ಸರಿಯಾಗಿದೆ, ಏಕೆಂದರೆ ಅಲ್ಲಿ ಬೆಳಗಿನದೂ ಊಟವೇ. ಇವುಗಳ ಬಳಕೆಗೆ ಮಿತಿಯೂ ಉಂಟು. ಅಪರಿಚಿತರನ್ನು ಯಾರೂ ಹೀಗೆ ಮಾತನಾಡಿಸುವುದಿಲ್ಲ. ಸಾವಿನ ಮನೆಗೆ ಹೋದವರು ಇದನ್ನು ವಂದನೆಯಾಗಿ ಬಳಸುವುದಿಲ್ಲ. ಮೇಲಧಿಕಾರಿಗೆ ಕೆಳಗಿನವರು ಮೊದಲು ‘ನಮಸ್ಕಾರ’ ಹೇಳದೆ ನೇರವಾಗಿ ‘ಊಟ ಆಯ್ತಾ’ ಎನ್ನುವುದು ಸಲಿಗೆಯಾಗಿ ಕಾಣುತ್ತದೆ.

‘ಗುಡ್ ಮಾರ್ನಿಂಗ್’ ಈ ವ್ಯವಸ್ಥೆಯಲ್ಲಿ ಶಾಲೆ ಮತ್ತು ಕಚೇರಿಗಳ ಜಾಗವನ್ನು ಹಿಡಿದುಕೊಂಡಿದೆ. ಅಲ್ಲಿ ಅದರ ಕೆಲಸ ಹೊತ್ತನ್ನು ಹೇಳುವುದಕ್ಕಿಂತ ಸ್ಥಾನವನ್ನು ಹೇಳುವುದು. ಸಾಮಾನ್ಯವಾಗಿ ಕಿರಿಯರೇ ಮೊದಲು ಹೇಳುತ್ತಾರೆ, ‘ಸರ್’, ‘ಮೇಡಮ್’ ಇಲ್ಲದೆ ಹೇಳುವುದಿಲ್ಲ. ತರಗತಿಯ ಮಕ್ಕಳು ಮಧ್ಯಾಹ್ನವೂ ಅಭ್ಯಾಸಬಲದಿಂದ ‘ಗುಡ್ ಮಾರ್ನಿಂಗ್’ ಎಂದು ರಾಗವೆಳೆಯುವುದಕ್ಕೆ ಇದೇ ವಿವರಣೆ. ಮನೆಯೊಳಗೆ, ಅದರಲ್ಲಿಯೂ ಹಿರಿಯರ ನಡುವೆ, ಇದು ನಾಟಕೀಯವೆನಿಸುತ್ತದೆ. ಅಲ್ಲಿ ‘ಎದ್ಯಾ?’, ‘ನಿದ್ದೆ ಬಂತಾ?’ ಎಂಬ ಪ್ರಶ್ನೆಗಳೇ ದಿನವನ್ನು ತೆರೆಯುತ್ತವೆ. ನಗರದ ಕಿರಿಯ ತಲೆಮಾರಿನಲ್ಲಿ ಈ ಗೆರೆ ಮಸುಕಾಗುತ್ತಿರುವುದು ನಿಜ. ಅವರು ಮನೆಯಲ್ಲಿಯೂ ‘ಗುಡ್ ಮಾರ್ನಿಂಗ್’ ಎನ್ನುವುದುಂಟು. ಗಮನಿಸಬೇಕಾದುದೆಂದರೆ, ಅಲ್ಲಿಯೂ ಇಂಗ್ಲಿಷ್ ನುಡಿಯ ಬದಲಿಗೆ ‘ಶುಭೋದಯ’ ಬಂದಿಲ್ಲ.

ಮೇಲಿನ ವಿವೇಚನೆಯಿಂದ ಪಠ್ಯರಚನೆಗೆ ಒಂದು ಸೂಚನೆ ದೊರೆಯುತ್ತದೆ. ಅನ್ಯಭಾಷೆಯ ವಂದನೆಗೆ ಪದಕ್ಕೆ ಪದವನ್ನು ಹುಡುಕಿದರೆ ಸಿಗುವುದು ಫಲಕದ ಮೇಲೆ ಬರೆಯಬಹುದಾದ ಮಾತು. ಆ ಸಂದರ್ಭದಲ್ಲಿ ಕನ್ನಡಿಗರು ಏನು ಮಾಡುತ್ತಾರೆಂದು ನೋಡಿದರೆ ಸಿಗುವುದು ಒಂದು ಪ್ರಶ್ನೆ, ಅದಕ್ಕೆ ತಕ್ಕ ಉತ್ತರ, ಸಂಬಂಧ ತೋರುವ ಒಂದು ಪ್ರತ್ಯಯ. ಆದಕಾರಣ ಮೊದಲ ಪಾಠದಲ್ಲಿ ಅಪರಿಚಿತರಿಗೆ ‘ನಮಸ್ಕಾರ’ವನ್ನೂ, ಪರಿಚಿತರಿಗೆ ‘ತಿಂಡಿ ಆಯ್ತಾ’ ಮತ್ತು ‘ಆಯ್ತು, ನಿಮ್ದು?’ ಎಂಬ ಜೋಡಿಯನ್ನೂ ಕಲಿಸಿ, ‘ಶುಭೋದಯ’ವನ್ನು ಓದಿ ಗುರುತಿಸಬೇಕಾದ ಪದಗಳ ಪಟ್ಟಿಗೆ ಸೇರಿಸುವುದು ಸೂಕ್ತ.