ನಲವತ್ತಮೂರು ಟನ್ ಯಾವ ಮಹಡಿಗೆ ಎಷ್ಟು?

ಮೈಸೂರಿನಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಬೇಕಾಗಿದೆ ಎಂದುಕೊಳ್ಳಿ. ನೆಲಮಹಡಿ, ಅದರ ಮೇಲೆ ಇನ್ನು ಮೂರು. ಒಂದೊಂದು ಮಹಡಿಯ ಎತ್ತರ 3 ಮೀಟರ್, ಹಾಗಾಗಿ ತಾರಸಿ ನೆಲದಿಂದ 12 ಮೀಟರ್ ಮೇಲೆ. ಉದ್ದ 20 ಮೀಟರ್, ಅಗಲ 12. ಆರ್‌ಸಿಸಿ ಪಿಲ್ಲರು, ಬೀಮು, ನಡುವೆ ಇಟ್ಟಿಗೆ ಗೋಡೆ. ಯಾವ ಬಡಾವಣೆಗೆ ಹೋದರೂ ಕಾಣುವಂಥ ಕಟ್ಟಡ. ಅದರ ತೂಕ ಹಗಲೂ ರಾತ್ರಿ ಕೆಳಕ್ಕೆ ಎಳೆಯುತ್ತಿರುತ್ತದೆ, ಆ ಲೆಕ್ಕ ಎಲ್ಲರಿಗೂ ಅರ್ಥವಾಗುವಂಥದ್ದು. ಭೂಕಂಪದ ಬಲ ಹಾಗಲ್ಲ. ಅದು ಅಡ್ಡಕ್ಕೆ ಬರುತ್ತದೆ, ಕಟ್ಟಡದ ಆಯುಷ್ಯದಲ್ಲಿ ಒಮ್ಮೆಯೂ ಬಾರದೆಯೂ ಇರಬಹುದು, ಬಂದರೆ ಕೆಲವೇ ಸೆಕೆಂಡುಗಳಲ್ಲಿ ಹತ್ತಾರು ಸಲ ದಿಕ್ಕು ಬದಲಿಸುತ್ತದೆ. ಇಂಥ ಗೊಂದಲದ ಬಲವನ್ನು ಒಂದೇ ದಿಕ್ಕಿನಲ್ಲಿ ಸುಮ್ಮನೆ ತಳ್ಳುವ ಒಂದು ಬಲ ಎಂದು ಭಾವಿಸಿ, ಕಾಗದ ಪೆನ್ನಿನಲ್ಲಿ ಲೆಕ್ಕ ಹಾಕುವ ದಾರಿಯೊಂದಿದೆ. ಸಮಾನ ಸ್ಥಿರ ಬಲದ ವಿಧಾನ ಎಂದು ಅದರ ಹೆಸರು. ಅದರಿಂದ ಸಿಗುವ ಒಟ್ಟು ಅಡ್ಡಬಲಕ್ಕೆ ಎಂಜಿನಿಯರುಗಳು ಬೇಸ್ ಶಿಯರ್ ಎನ್ನುತ್ತಾರೆ. ಕಟ್ಟಡದ ಬುಡವನ್ನು ಅಡ್ಡಕ್ಕೆ ಕತ್ತರಿಸಲು ನೋಡುವ ಬಲ ಅದು.

ನಮ್ಮ ದೇಶದಲ್ಲಿ ಈ ಯೋಚನೆಗೆ ಹಳೆಯ ಚರಿತ್ರೆಯೇ ಇದೆ. 1931ರಲ್ಲಿ ಬಲೂಚಿಸ್ತಾನದ ಮಾಚ್ ಎಂಬಲ್ಲಿ ಭೂಮಿ ನಡುಗಿದ ಮೇಲೆ, ಎಸ್. ಎಲ್. ಕುಮಾರ್ ಎಂಬ ರೈಲ್ವೆ ಎಂಜಿನಿಯರು ಕ್ವೆಟ್ಟಾದ ರೈಲ್ವೆ ವಸತಿಗಳನ್ನು ಅಡ್ಡಬಲದ ಲೆಕ್ಕ ಹಾಕಿ, ಗೋಡೆಗಳಿಗೆ ಹಳಿಯ ಕಬ್ಬಿಣದ ಆಸರೆ ಕೊಟ್ಟು ಕಟ್ಟಿಸಿದರು. 1935ರ ಮೇ 31ರ ಭೂಕಂಪ ಕ್ವೆಟ್ಟಾ ಪಟ್ಟಣವನ್ನೇ ನೆಲಸಮ ಮಾಡಿತು. ಆ ಮನೆಗಳು ನಿಂತವು. ಇವತ್ತು ಅದೇ ಕೆಲಸಕ್ಕೆ ಐಎಸ್ 1893 ಎಂಬ ಭಾರತೀಯ ಮಾನಕವಿದೆ. ಅದರ ಮೊದಲ ಆವೃತ್ತಿ ಬಂದದ್ದು 1962ರಲ್ಲಿ. ಇಲ್ಲಿ 2016ರ ಆವೃತ್ತಿಯ ದಾರಿಯಲ್ಲಿ ನಮ್ಮ ಮೈಸೂರಿನ ಕಟ್ಟಡದ ಲೆಕ್ಕ ಹಾಕೋಣ.

ಮೊದಲು ತೂಕ. ನಡುಗುವುದು ನೆಲ, ಕಟ್ಟಡವಲ್ಲ. ನೆಲ ಪಕ್ಕಕ್ಕೆ ಜರುಗಿದಾಗ ಮೇಲಿನ ತೂಕ ಇದ್ದಲ್ಲೇ ಇರಲು ಹಟ ಹಿಡಿಯುತ್ತದೆ. ಆ ಹಟವೇ ಪಿಲ್ಲರುಗಳ ಮೇಲೆ ಬೀಳುವ ಬಲ. ಗಾಳಿಯ ಬಲ ಗೋಡೆಯ ಅಗಲವನ್ನು ನೋಡಿ ಬಂದರೆ ಭೂಕಂಪದ ಬಲ ತೂಕವನ್ನು ನೋಡಿ ಬರುತ್ತದೆ. ಆದ್ದರಿಂದ ಸ್ಲ್ಯಾಬು, ಬೀಮು, ಪಿಲ್ಲರು, ಗೋಡೆ, ಟೈಲ್ಸ್ ಎಲ್ಲವನ್ನೂ ಪೂರ್ತಿ ಲೆಕ್ಕಕ್ಕೆ ಹಿಡಿಯಬೇಕು. ಜನ ಮತ್ತು ಸಾಮಾನಿನ ಭಾರದಲ್ಲಿ, ಮನೆಗಳಾದರೆ, ಕಾಲು ಭಾಗ ಹಿಡಿದರೆ ಸಾಕು. ಭೂಕಂಪದ ಗಳಿಗೆಯಲ್ಲಿ ಎಲ್ಲ ಕೋಣೆಗಳೂ ತುಂಬಿ ತುಳುಕುತ್ತಿರುವುದಿಲ್ಲ. ತಾರಸಿಯ ಮೇಲೆ ಜನರ ಭಾರವನ್ನು ಹಿಡಿಯುವುದೇ ಇಲ್ಲ. ಹೀಗೆ ಕೂಡಿಸಿದಾಗ ಕೆಳಗಿನ ಮೂರು ಸ್ಲ್ಯಾಬುಗಳ ಮಟ್ಟದಲ್ಲಿ ತಲಾ 280 ಟನ್, ತಾರಸಿಯ ಮಟ್ಟದಲ್ಲಿ 200 ಟನ್ ಬಂತು ಎಂದಿಟ್ಟುಕೊಳ್ಳೋಣ. ಒಟ್ಟು 1040 ಟನ್.

ಇದರಲ್ಲಿ ಎಷ್ಟು ಪಾಲು ಅಡ್ಡಬಲವಾಗಿ ಬರುತ್ತದೆ? ಮೈಸೂರು, ಬೆಂಗಳೂರು ಎರಡೂ ಭೂಕಂಪದ ಎರಡನೇ ವಲಯದಲ್ಲಿವೆ. ಆ ವಲಯದ ಅಂಕಿ 0.10. ಅತಿ ದೊಡ್ಡದೆಂದು ಎಣಿಸಿದ ಕಂಪನದ ಅಂಕಿ ಅದು. ವಿನ್ಯಾಸಕ್ಕೆ ಅದರ ಅರ್ಧ, ಅಂದರೆ 0.05 ಹಿಡಿಯುತ್ತಾರೆ. ಆದರೆ ಕಟ್ಟಡ ನೆಲದಷ್ಟೇ ಅಲುಗಾಡುವುದಿಲ್ಲ, ತನ್ನದೇ ತೂಗಾಟವನ್ನೂ ಸೇರಿಸಿಕೊಳ್ಳುತ್ತದೆ. ಒಂದು ಸಲ ಆ ಕಡೆ ಈ ಕಡೆ ತೂಗಿ ಬರಲು ಹಿಡಿಯುವ ಹೊತ್ತೇ ಅದರ ಸಹಜ ಅವಧಿ. ಇಟ್ಟಿಗೆ ಗೋಡೆ ತುಂಬಿದ ಕಟ್ಟಡಕ್ಕೆ ಮಾನಕ ಕೊಡುವ ಸೂತ್ರ ಇದು:

T = 0.09 h / √d

h ಎತ್ತರ, d ಕಂಪನದ ದಿಕ್ಕಿನಲ್ಲಿ ಕಟ್ಟಡದ ಉದ್ದ, ಎರಡೂ ಮೀಟರಿನಲ್ಲಿ. ನಮ್ಮ ಕಟ್ಟಡಕ್ಕೆ ಉದ್ದದ ದಿಕ್ಕಿನಲ್ಲಿ 0.24 ಸೆಕೆಂಡು, ಅಗಲದ ದಿಕ್ಕಿನಲ್ಲಿ 0.31 ಸೆಕೆಂಡು. ಮಧ್ಯಮ ಗಟ್ಟಿಯ ಮಣ್ಣಿನ ಮೇಲೆ ಅವಧಿ 0.55 ಸೆಕೆಂಡಿಗಿಂತ ಕಡಿಮೆಯಿದ್ದರೆ ನೆಲದ ಅಲುಗಾಟ ಕಟ್ಟಡದಲ್ಲಿ ಎರಡೂವರೆ ಪಟ್ಟಾಗುತ್ತದೆ ಎಂಬುದು ಮಾನಕದ ಅಂದಾಜು. 0.05ರ ಎರಡೂವರೆ ಪಟ್ಟು 0.125. ಅಂದರೆ ತೂಕದ ಎಂಟನೇ ಒಂದು ಪಾಲು, 130 ಟನ್.

ಇಲ್ಲೊಂದು ತಪ್ಪು ಸುಲಭವಾಗಿ ನುಸುಳುತ್ತದೆ. ಕಂಪ್ಯೂಟರಿನಲ್ಲಿ ಕಟ್ಟಡದ ಮಾದರಿ ಮಾಡುವಾಗ ಬಹಳ ಮಂದಿ ಪಿಲ್ಲರು, ಬೀಮುಗಳನ್ನಷ್ಟೇ ಕೂರಿಸುತ್ತಾರೆ. ಗೋಡೆಯ ಭಾರ ಸೇರುತ್ತದೆ, ಗೋಡೆಯ ಬಿಗಿ ಸೇರುವುದಿಲ್ಲ. ಬಿಗಿಯಿಲ್ಲದ ಮಾದರಿ ನಿಧಾನವಾಗಿ ತೂಗುತ್ತದೆ. ಅವಧಿ 0.8 ಸೆಕೆಂಡು ಎಂದು ಬಂದರೆ ಎರಡೂವರೆ ಪಟ್ಟಿನ ಬದಲು 1.7 ಪಟ್ಟು ಸಾಕೆಂದಾಗಿ ಬಲ ಮೂರನೇ ಒಂದು ಭಾಗದಷ್ಟು ಇಳಿದುಬಿಡುತ್ತದೆ. ನಿಜವಾದ ಕಟ್ಟಡದಲ್ಲಿ ಗೋಡೆಗಳು ಇದ್ದೇ ಇರುತ್ತವೆ. ಅದಕ್ಕಾಗಿಯೇ ದೊಡ್ಡ ಕಟ್ಟಡಗಳಿಗೆ ಕಂಪ್ಯೂಟರಿನಿಂದ ಚಲನ ವಿಶ್ಲೇಷಣೆ ಮಾಡಿದರೂ, ಅದರ ಬಲ ಈ ಸರಳ ಸೂತ್ರದ ಬೇಸ್ ಶಿಯರಿಗಿಂತ ಕಡಿಮೆ ಬಂದರೆ ಅಷ್ಟಕ್ಕೆ ಏರಿಸಬೇಕು ಎಂದು ಮಾನಕ ಹೇಳುತ್ತದೆ. ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಬೆಲೆ ಇರುವುದು ಇಲ್ಲೇ. ಕಂಪ್ಯೂಟರು ಕೊಟ್ಟ ಉತ್ತರ ಸರಿಯೋ ಅಲ್ಲವೋ ಎಂದು ನೋಡಲು ಕೈಯಲ್ಲಿ ಹಾಕಿದ ಈ ಒಂದು ಅಂಕಿ ಬೇಕೇಬೇಕು.

130 ಟನ್ ಅಡ್ಡಬಲಕ್ಕೆ ಒಂದು ಬಿರುಕೂ ಬಿಡದ ಹಾಗೆ ಮನೆ ಕಟ್ಟಬಹುದು, ಆದರೆ ಖರ್ಚು ಬಹಳ. ಅದಕ್ಕೇ ಮಾನಕ ಬೇರೊಂದು ಒಪ್ಪಂದಕ್ಕೆ ಬರುತ್ತದೆ. ಕಾಂಕ್ರೀಟು ಬಿರುಕು ಬಿಡಲಿ, ಕಬ್ಬಿಣ ಸ್ವಲ್ಪ ಹಿಗ್ಗಲಿ, ಕಟ್ಟಡ ಮಾತ್ರ ಬೀಳಬಾರದು. ಹಾಗೆ ಹಿಗ್ಗಿ ಬಾಗಿ ತಾಳುವ ಗುಣ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಬಲವನ್ನು ಭಾಗಿಸುತ್ತಾರೆ. ಸಾಮಾನ್ಯ ಚೌಕಟ್ಟಿನ ಕಟ್ಟಡಕ್ಕೆ 3ರಿಂದ ಭಾಗಿಸಬಹುದು. ನಮ್ಮ 130 ಟನ್ ಹೀಗೆ 43.3 ಟನ್ ಆಯಿತು, ಒಟ್ಟು ತೂಕದ ಇಪ್ಪತ್ತನಾಲ್ಕನೇ ಒಂದು ಪಾಲು. ಪಿಲ್ಲರಿನ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಿ, ಅವುಗಳ ಕೊಕ್ಕೆಯನ್ನು 135 ಡಿಗ್ರಿ ಒಳಕ್ಕೆ ಬಾಗಿಸಿ, ವಿಶೇಷ ವಿವರಗಳಂತೆ ಕಟ್ಟಿದ ಚೌಕಟ್ಟಿಗೆ 5ರಿಂದ ಭಾಗಿಸಬಹುದು, ಆಗ 26 ಟನ್ ಸಾಕು. ಲೆಕ್ಕದಲ್ಲಿ 5 ಹಿಡಿದು, ಸೈಟಿನಲ್ಲಿ ಬಾರ್ ಬೆಂಡರ್ ಕೊಕ್ಕೆಯನ್ನು 90 ಡಿಗ್ರಿಗೇ ಬಿಟ್ಟರೆ ಆ ಕಟ್ಟಡ 26 ಟನ್ನಿಗೂ ಪೂರ್ತಿ ಅರ್ಹವಲ್ಲ. ಕಂಪನದಲ್ಲಿ ಮೇಲಿನ ಕಾಂಕ್ರೀಟು ಉದುರಿದೊಡನೆ ಅಂಥ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟು ಸುರಿಯುವ ಮೊದಲು ಮನೆಯ ಯಜಮಾನರೇ ನಿಂತು ನೋಡಿ ತಿಳಿದುಕೊಳ್ಳಬಹುದಾದ ವಿಷಯ ಇದು.

ಈಗ 43.3 ಟನ್ನನ್ನು ಮಹಡಿಗಳಿಗೆ ಹಂಚಬೇಕು. ತೂಕಕ್ಕೆ ತಕ್ಕಂತೆ ಸಮನಾಗಿ ಹಂಚಿದರಾಯಿತಲ್ಲ ಎನಿಸಬಹುದು. ಆದರೆ ಬಿರುಗಾಳಿಗೆ ಅಡಿಕೆ ಮರ ಬುಡದಲ್ಲಿ ಅಲುಗದೆ ತುದಿಯಲ್ಲಿ ತೂರಾಡುವ ಹಾಗೆ, ಕಟ್ಟಡವೂ ಮೇಲೆ ಹೋದಂತೆ ಹೆಚ್ಚು ಓಲಾಡುತ್ತದೆ. ಹೆಚ್ಚು ಓಲಾಡುವಲ್ಲಿ ಬಲವೂ ಹೆಚ್ಚು. ಮಾನಕ ಇದನ್ನು ಎತ್ತರದ ವರ್ಗದಿಂದ ಅಳೆಯುತ್ತದೆ:

Qi = V × Wi hi² / Σ Wj hj²

ಪ್ರತಿ ಮಟ್ಟದ ತೂಕವನ್ನು ಅದರ ಎತ್ತರದ ವರ್ಗದಿಂದ ಗುಣಿಸಿ, ಬಂದ ಸಂಖ್ಯೆಗಳ ಪ್ರಮಾಣದಲ್ಲಿ ಒಟ್ಟು ಬಲ V ಅನ್ನು ಹಂಚಿದರೆ ಆಯಿತು. 3 ಮೀಟರಿನ ಸ್ಲ್ಯಾಬಿಗೆ 280ನ್ನು 9ರಿಂದ ಗುಣಿಸಿ 2,520. ಮುಂದಿನವಕ್ಕೆ 10,080 ಮತ್ತು 22,680. ತಾರಸಿಗೆ 200ನ್ನು 144ರಿಂದ ಗುಣಿಸಿ 28,800. ಮೊತ್ತ 64,080. ಹಂಚಿಕೆಯಲ್ಲಿ ಮೊದಲ ಸ್ಲ್ಯಾಬಿಗೆ ಸಿಕ್ಕಿದ್ದು 1.7 ಟನ್, ಎರಡನೆಯದಕ್ಕೆ 6.8, ಮೂರನೆಯದಕ್ಕೆ 15.3, ತಾರಸಿಗೆ 19.5. ಎಲ್ಲಕ್ಕಿಂತ ಹಗುರವಾದ ತಾರಸಿಗೆ ಎಲ್ಲಕ್ಕಿಂತ ದೊಡ್ಡ ಪಾಲು. ಅಮೆರಿಕದ ನಿಯಮದಲ್ಲಿ ಇಂಥ ಗಿಡ್ಡ ಕಟ್ಟಡಕ್ಕೆ ವರ್ಗವಿಲ್ಲ, ಬರೀ ಎತ್ತರದಿಂದ ಗುಣಿಸುತ್ತಾರೆ. ಹಾಗೆ ಮಾಡಿದರೆ ತಾರಸಿಯ ಪಾಲು 14 ಟನ್ನಿಗೆ ಇಳಿಯುತ್ತದೆ. ನಮ್ಮ ಮಾನಕ ಮೇಲಿನ ಮಹಡಿಗಳ ವಿಷಯದಲ್ಲಿ ಹೆಚ್ಚು ಬಿಗಿ.

ಮಹಡಿಗೆ ಬಿದ್ದ ಬಲ ಆ ಮಹಡಿಯಲ್ಲೇ ಕರಗುವುದಿಲ್ಲ, ಪಿಲ್ಲರುಗಳ ಮೂಲಕ ನೆಲಕ್ಕೆ ಇಳಿಯಬೇಕು. ತುತ್ತತುದಿಯ ಮಹಡಿಯ ಪಿಲ್ಲರುಗಳು ತಾರಸಿಯ 19.5 ಟನ್ನನ್ನಷ್ಟೇ ತಾಳುತ್ತವೆ. ಅದರ ಕೆಳಗಿನವು 34.8, ಅದಕ್ಕೂ ಕೆಳಗಿನವು 41.6, ನೆಲಮಹಡಿಯವು ಪೂರ್ತಿ 43.3. ಮೊದಲ ಸ್ಲ್ಯಾಬಿನ ಸ್ವಂತ ಪಾಲು ಬರೀ 1.7 ಟನ್ ಇದ್ದರೂ ಅದರಡಿಯ ಪಿಲ್ಲರುಗಳು ಹೊರುವುದು ಎಲ್ಲರ ಪಾಲನ್ನು.

ಹೀಗಿರುವಾಗ ಆ ನೆಲಮಹಡಿಯ ಗೋಡೆಗಳನ್ನು ತೆಗೆದು ಕಾರು ನಿಲ್ಲಿಸಲು ಬರೀ ಪಿಲ್ಲರು ಬಿಟ್ಟರೆ ಏನಾಗುತ್ತದೆ ಎಂಬುದನ್ನು 2001ರ ಜನವರಿ 26 ತೋರಿಸಿತು. ಭುಜ್ ಭೂಕಂಪದ ಕೇಂದ್ರದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ಇಂಥ ಪಾರ್ಕಿಂಗ್ ಮಹಡಿಯ ಅಪಾರ್ಟ್‌ಮೆಂಟುಗಳು ಕುಸಿದವು. ಮೇಲೆ ಗೋಡೆ ತುಂಬಿದ ಬಿಗಿಯಾದ ಮಹಡಿಗಳು, ಕೆಳಗೆ ಮೆತ್ತಗಿನ ಒಂದು ಮಹಡಿ. ಓಲಾಟವೆಲ್ಲ ಅಲ್ಲೇ ಸೇರಿಕೊಂಡಿತು. ಎತ್ತರದ ವರ್ಗಕ್ಕೆ ಹಂಚುವ ಸೂತ್ರ ನಂಬಿರುವುದು ಬುಡದಿಂದ ತುದಿಯವರೆಗೆ ಹಂತಹಂತವಾಗಿ ಹೆಚ್ಚುವ ಓಲಾಟವನ್ನು. ಆ ನಂಬಿಕೆ ಇಂಥ ಕಟ್ಟಡದಲ್ಲಿ ಮುರಿದುಬೀಳುತ್ತದೆ. 2002ರ ಆವೃತ್ತಿ ಮೆತ್ತಗಿನ ಮಹಡಿಯ ಪಿಲ್ಲರು, ಬೀಮುಗಳಿಗೆ ಲೆಕ್ಕದ ಎರಡೂವರೆ ಪಟ್ಟು ಬಲ ಹಿಡಿಯುವ ದಾರಿ ಹೇಳಿತು. ಮೇಲಿನ ಮಹಡಿಗಿಂತ ಕೆಳಗಿನದು ಕಡಿಮೆ ಬಿಗಿಯಿದ್ದರೆ ಅದನ್ನು ಕ್ರಮಬದ್ಧ ಕಟ್ಟಡವೆಂದು ಕರೆಯಲು 2016ರ ಆವೃತ್ತಿ ಒಪ್ಪುವುದಿಲ್ಲ. ಸರಳ ವಿಧಾನವೊಂದನ್ನೇ ನೆಚ್ಚಿಕೊಳ್ಳಲು ಅದು ಬಿಡುವುದು ಎರಡನೇ ವಲಯದ, 15 ಮೀಟರಿಗಿಂತ ಗಿಡ್ಡನೆಯ ಕ್ರಮಬದ್ಧ ಕಟ್ಟಡಗಳಿಗೆ ಮಾತ್ರ. ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ ಮೂರನೇ ವಲಯದಲ್ಲಿವೆ, ವಲಯದ ಅಂಕಿ 0.16. ಅಲ್ಲಿ ಚಲನ ವಿಶ್ಲೇಷಣೆ ಬೇಕು. ಸಾಮಾನ್ಯ ಚೌಕಟ್ಟಿಗೆ ಅಲ್ಲಿ ಅನುಮತಿಯೂ ಇಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ರೂಢಿಯಿದೆ. ಕೆಲವು ವರ್ಷಗಳಾದ ಮೇಲೆ ಕೈಯಲ್ಲಿ ದುಡ್ಡು ಕೂಡಿದಾಗ ತಾರಸಿಯ ಮೇಲೆ ಒಂದು ಮಹಡಿ ಎಬ್ಬಿಸುವುದು. ಪಿಲ್ಲರಿನ ಕಬ್ಬಿಣವನ್ನು ಮೇಲಕ್ಕೆ ಬಿಟ್ಟಿರುವುದೇ ಅದಕ್ಕಾಗಿ. ನಮ್ಮ ಕಟ್ಟಡಕ್ಕೆ ಅದನ್ನು ಮಾಡಿ ನೋಡೋಣ. ಹಳೆಯ ತಾರಸಿ ಈಗ 280 ಟನ್ನಿನ ಮಹಡಿ, 15 ಮೀಟರಿನಲ್ಲಿ 200 ಟನ್ನಿನ ಹೊಸ ತಾರಸಿ. ತೂಕ 1320 ಟನ್ನಿಗೆ ಏರಿತು. ಬೇಸ್ ಶಿಯರ್ 55 ಟನ್. ಎರಡೂ ಏರಿದ್ದು ನೂರಕ್ಕೆ 27ರಷ್ಟು. ಇಷ್ಟನ್ನೇ ನೋಡಿದವರು ಪಿಲ್ಲರುಗಳಲ್ಲಿ ಅಷ್ಟು ಮಿಗತೆ ಇದ್ದೇ ಇರುತ್ತದೆ ಎಂದು ಧೈರ್ಯ ಮಾಡುತ್ತಾರೆ. ಆದರೆ ಬಲ ಎಲ್ಲಿ ಬಿತ್ತು ಎಂಬುದನ್ನೂ ನೋಡಬೇಕು. ಮೇಲಿನ ಎರಡು ಮಟ್ಟಗಳಲ್ಲೇ 20.5 ಮತ್ತು 18.4 ಟನ್. ಪ್ರತಿ ಬಲವನ್ನು ಅದರ ಎತ್ತರದಿಂದ ಗುಣಿಸಿ ಕೂಡಿಸಿದರೆ ಕಟ್ಟಡವನ್ನು ಬುಡದಿಂದ ಮಗುಚಲು ನೋಡುವ ಒಟ್ಟು ಪರಿಣಾಮ ಸಿಗುತ್ತದೆ. ಮೊದಲು ಅದು ಸುಮಾರು 418 ಟನ್-ಮೀಟರ್ ಇತ್ತು, ಈಗ 653. ನೂರಕ್ಕೆ 56ರಷ್ಟು ಹೆಚ್ಚು. ಆ ಹೆಚ್ಚಳದ ಬಹುಪಾಲು ಮೂಲೆ ಮತ್ತು ಅಂಚಿನ ಪಿಲ್ಲರುಗಳ ಮೇಲೆ ಒಂದು ಕಡೆ ಒತ್ತಡವಾಗಿ, ಇನ್ನೊಂದು ಕಡೆ ಎಳೆತವಾಗಿ ಬೀಳುತ್ತದೆ, ಅಲ್ಲಿಂದ ಅವುಗಳ ಅಡಿಪಾಯಕ್ಕೆ ಇಳಿಯುತ್ತದೆ. ಅವು ಮಣ್ಣಿನೊಳಗೆ ಹೂತುಹೋಗಿ ವರ್ಷಗಳಾಗಿರುತ್ತವೆ. ಎತ್ತರವೂ 15 ಮೀಟರ್ ಮುಟ್ಟಿದ್ದರಿಂದ ಸರಳ ವಿಧಾನದ ಮಿತಿ ಅಲ್ಲಿಗೆ ಮುಗಿಯಿತು. ಮಹಡಿ ಎಬ್ಬಿಸುವ ಮೊದಲು ಹಳೆಯ ಲೆಕ್ಕದ ಹಾಳೆಯನ್ನು ತೆಗೆಸಿ, ಅಡಿಪಾಯವನ್ನು ಎಷ್ಟು ಮಹಡಿಗೆಂದು ಹಾಕಿದ್ದರು ಎಂದು ಎಂಜಿನಿಯರನ್ನು ಕೇಳಬೇಕು.