ಪಿಂಚಣಿ ಮಾರಿದರೆ ಲಾಭವೋ ನಷ್ಟವೋ

2004ರ ಜನವರಿಗೆ ಮುಂಚೆ ಕೇಂದ್ರ ಸರ್ಕಾರದ ಸೇವೆಗೆ ಸೇರಿ, ಹಳೇ ಪಿಂಚಣಿಯಲ್ಲಿರುವವರು ನಿವೃತ್ತಿಯ ಕಾಗದಪತ್ರ ತುಂಬುವಾಗ ಒಂದು ಪ್ರಶ್ನೆಗೆ ಉತ್ತರಿಸಬೇಕು: ಕಮ್ಯುಟೇಶನ್ ಬೇಕೇ? ಅಂದರೆ ಪಿಂಚಣಿಯ ಒಂದು ಪಾಲನ್ನು, ಹೆಚ್ಚೆಂದರೆ ಶೇ 40ನ್ನು, ಬಿಟ್ಟುಕೊಟ್ಟು ಬದಲಿಗೆ ಒಟ್ಟಿಗೆ ಹಣ ಪಡೆಯುವುದು. ಹದಿನೈದು ವರ್ಷವಾದ ಮೇಲೆ ಬಿಟ್ಟ ಪಾಲು ಮತ್ತೆ ಸೇರಿಕೊಳ್ಳುತ್ತದೆ.

ಮೂಲ ಪಿಂಚಣಿ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 40 ಎಂದರೆ ತಿಂಗಳಿಗೆ 16,000. ಅರವತ್ತಕ್ಕೆ ನಿವೃತ್ತರಾದವರಿಗೆ ಸರ್ಕಾರದ ಪಟ್ಟಿಯಲ್ಲಿರುವ ಗುಣಕ 8.194. ಹದಿನಾರು ಸಾವಿರವನ್ನು 12ರಿಂದ, ಮತ್ತೆ 8.194ರಿಂದ ಗುಣಿಸಿದರೆ ಕೈಗೆ ಬರುವುದು 15,73,248 ರೂಪಾಯಿ. ಇದಕ್ಕೆ ತೆರಿಗೆ ಇಲ್ಲ.

ಬಹಳ ಜನ ಇಲ್ಲಿ ಹದಿನೈದು ವರ್ಷದ ಹದಿನಾರು ಸಾವಿರಗಳನ್ನು ಕೂಡಿಸಿ 28.8 ಲಕ್ಷ ಎಂದು ಕಂಡು ಬೆಚ್ಚುತ್ತಾರೆ. ಆ ಲೆಕ್ಕ ಸರಿಯಲ್ಲ. ಇಂದು ಕೈಗೆ ಬಂದ ಹಣ ಬಡ್ಡಿ ದುಡಿಯುತ್ತದೆ ಎಂಬುದು ಅದರಲ್ಲಿ ಬಿಟ್ಟುಹೋಗಿದೆ. ನನಗೆ ಸರಿಯೆನಿಸುವ ಪರೀಕ್ಷೆ ಬೇರೆ: ಬಂದ ಹಣವನ್ನು ಠೇವಣಿಯಿಟ್ಟು, ಕಳೆದುಕೊಂಡ 16,000ವನ್ನು ಪ್ರತಿ ತಿಂಗಳೂ ಅದರಿಂದಲೇ ತೆಗೆಯುತ್ತಾ ಹೋದರೆ ಗಂಟು ಯಾವಾಗ ಕರಗುತ್ತದೆ? ಶೇ 7ರ ಬಡ್ಡಿಯಲ್ಲಿ ಸುಮಾರು ಹನ್ನೆರಡು ವರ್ಷ ಎರಡು ತಿಂಗಳಿಗೆ. ಆಮೇಲಿನ ಎರಡು ವರ್ಷ ಹತ್ತು ತಿಂಗಳು ಪಿಂಚಣಿಯೂ ಕಡಿಮೆ, ಠೇವಣಿಯೂ ಇಲ್ಲ. ಹದಿನೈದು ವರ್ಷ ಪೂರ್ತಿ ಬಾಳಬೇಕಾದರೆ ಶೇ 9ರಷ್ಟು ಬಡ್ಡಿ ಬೇಕು. ಸರ್ಕಾರ ನಿಮಗೆ ಶೇ 9ರ ಬಡ್ಡಿಗೆ ಸಾಲ ಕೊಟ್ಟು, ಪಿಂಚಣಿಯಲ್ಲೇ ಕಂತು ಮುರಿದುಕೊಂಡಂತೆ.

ಹಾಗಾಗಿ ಬ್ಯಾಂಕಿನಲ್ಲಿಡುವುದಕ್ಕೆಂದೇ ಕಮ್ಯುಟೇಶನ್ ಪಡೆಯುವುದು, ತೆರಿಗೆಯ ಮಿತಿಯೊಳಗಿರುವವರಿಗೆ, ನಷ್ಟದ ಬಾಬತ್ತು. ಶೇ 12ರ ಸಾಲ ತಲೆಯ ಮೇಲಿದ್ದವರಿಗೆ ಮಾತ್ರ ಅದನ್ನು ತೀರಿಸಲು ಇದು ಖಂಡಿತ ಲಾಭ. ದೊಡ್ಡ ಪಿಂಚಣಿಯವರ ಲೆಕ್ಕವೂ ಬೇರೆ. ಶೇ 20ರ ತೆರಿಗೆ ಕಟ್ಟುವವರು ಬಿಟ್ಟುಕೊಡುವುದು ನಿಜದಲ್ಲಿ 12,800 ಮಾತ್ರ. ಅವರಿಗೆ ಅದೇ ಸಾಲದ ಬಡ್ಡಿ ಶೇ 5.4ರ ಆಸುಪಾಸಿಗೆ ಇಳಿಯುತ್ತದೆ.

ಆಯುಸ್ಸಿನ ಮಾತನ್ನೂ ಆಡಲೇಬೇಕು. ಪಿಂಚಣಿದಾರ ಹದಿನೈದು ವರ್ಷದೊಳಗೆ ತೀರಿಕೊಂಡರೆ ಉಳಿದ ಕಂತು ಅಲ್ಲಿಗೇ ನಿಲ್ಲುತ್ತದೆ, ಹೆಂಡತಿಯ ಕುಟುಂಬ ಪಿಂಚಣಿಗೆ ಕತ್ತರಿ ಬೀಳುವುದಿಲ್ಲ. ಎಪ್ಪತ್ತೆರಡರ ಒಳಗೆ ಹೋದರೆ ಠೇವಣಿಯಲ್ಲಿ ಮನೆಯವರಿಗೆ ಒಂದಿಷ್ಟು ಉಳಿದಿರುತ್ತದೆ. ಆರೋಗ್ಯ ಸರಿಯಿಲ್ಲದವರು ಇದನ್ನು ಮನಸ್ಸಿನಲ್ಲಿಡಬೇಕು. ತುಟ್ಟಿಭತ್ಯೆಯ ಚಿಂತೆ ಬೇಡ, ಅದು ಪೂರ್ತಿ 40,000ದ ಮೇಲೆಯೇ ಸಿಗುತ್ತದೆ.

ಶೇ 40ನ್ನೇ ತೆಗೆದುಕೊಳ್ಳಬೇಕೆಂಬ ನಿಯಮವಿಲ್ಲ. ಮೂರು ಲಕ್ಷದ ಸಾಲ ತೀರಿಸಬೇಕಾದವರು ಶೇ 8ನ್ನು, ಅಂದರೆ ತಿಂಗಳಿಗೆ 3,200 ರೂಪಾಯಿಯನ್ನು ಬಿಟ್ಟರೆ 3,14,650 ರೂಪಾಯಿ ಬರುತ್ತದೆ. ಅರ್ಜಿಯನ್ನು ನಿವೃತ್ತಿಯಾದ ಒಂದು ವರ್ಷದೊಳಗೆ ಕೊಟ್ಟರೆ ವೈದ್ಯಕೀಯ ತಪಾಸಣೆ ಬೇಕಾಗುವುದಿಲ್ಲ.