ತೂಗಾಡುವ ಬಾಗಿಲಿನೊಳಗೊಂದು ಸುರುಳಿ

ಮಳಿಗೆಯ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆ ಕೆಲಸ ಮಾಡುವುದು ನೆಲದಲ್ಲಿ ಹೂತಿಟ್ಟ ಫ್ಲೋರ್ ಸ್ಪ್ರಿಂಗ್ ಎಂಬ ಪೆಟ್ಟಿಗೆ. ಅದರೊಳಗಿನ ಸ್ಪ್ರಿಂಗ್ ಬಾಗಿಲನ್ನು ಎಳೆಯುತ್ತದೆ, ಎಣ್ಣೆ ಅದರ ಓಟಕ್ಕೆ ತಡೆ ಒಡ್ಡುತ್ತದೆ. ಎಣ್ಣೆ ಸೋರಿಹೋದರೆ, ಎರಡೂ ಕಡೆ ತೆರೆಯುವ ಬಾಗಿಲು ಮುಚ್ಚುವ ಜಾಗದಲ್ಲಿ ನಿಲ್ಲದೆ ಅತ್ತ ದಾಟಿ, ಇತ್ತ ಮರಳಿ, ತೂಗಾಡಿಕೊಂಡು ನಿಲ್ಲುತ್ತದೆ. ಸ್ಪ್ರಿಂಗ್ ಅದೇ, ಬಾಗಿಲೂ ಅದೇ. ನಡೆ ಮಾತ್ರ ಪೂರ್ತಿ ಬೇರೆ. ಏಕೆ?

ಬಾಗಿಲು ಎಷ್ಟು ಡಿಗ್ರಿ ತೆರೆದಿದೆ ಎಂಬುದು x, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದು v ಎನ್ನೋಣ. ಪಕ್ಕದಲ್ಲೊಂದು ಗೀಟು ಹಾಕಿದರೆ ಅದು ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ. ಉದಾಹರಣೆಗೆಂದು ನಾವೇ ಆರಿಸಿಕೊಂಡ ಒಂದು ಬಾಗಿಲಿಗೆ, ಎಣ್ಣೆ ತುಂಬಿರುವಾಗ:

x' = v
v' = −5x − 6v

5 ಸ್ಪ್ರಿಂಗಿನ ಬಲ, 6 ಎಣ್ಣೆಯ ತಡೆ. ತೊಡಕೇನೆಂದರೆ, x ತಿಳಿಯಲು v ಬೇಕು, v ತಿಳಿಯಲು x ಬೇಕು. ಇಂಥ ಜೋಡಿ ಅವಕಲ ಸಮೀಕರಣಗಳ ಗಂಟು ಬಿಡಿಸಲು ಒಂದು ಉಪಾಯವಿದೆ. ವೇಗವು ಸದಾ ಕೋನದ ಒಂದೇ ಪಟ್ಟಿನಲ್ಲಿ ಉಳಿಯುವಂಥ ವಿಶೇಷ ಚಲನೆ ಇದೆಯೇ ಎಂದು ಹುಡುಕುವುದು. ಅಂದರೆ v = λx. ಆಗ x' = λx ಆಗುತ್ತದೆ, v' ಎಂಬುದು λ²x ಆಗುತ್ತದೆ. ಎರಡನೆಯ ಸಮೀಕರಣದಲ್ಲಿ ಇದನ್ನಿಟ್ಟರೆ ಉಳಿಯುವುದು ಶಾಲೆಯಲ್ಲಿ ಕಲಿತ ವರ್ಗ ಸಮೀಕರಣ:

λ² + 6λ + 5 = 0

ಉತ್ತರ −1 ಮತ್ತು −5. ಇವೇ ಐಗನ್ ಮೌಲ್ಯಗಳು. ಜರ್ಮನ್ ಭಾಷೆಯಲ್ಲಿ 'ಐಗನ್' ಎಂದರೆ 'ತನ್ನದೇ ಆದ'. ಕೋನ ಅಡ್ಡಕ್ಕೆ, ವೇಗ ಲಂಬಕ್ಕೆ ಇಟ್ಟು ನಕ್ಷೆ ಬರೆದರೆ, v = −x ಮತ್ತು v = −5x ಎಂಬ ಎರಡು ನೇರ ಗೆರೆಗಳು ಈ ಬಾಗಿಲಿನ ಸ್ವಂತ ದಾರಿಗಳು. ಆ ಗೆರೆಯ ಮೇಲೆ ಹೊರಟದ್ದು ಗೆರೆ ಬಿಡದೆ ಸೊನ್ನೆಯತ್ತ ಸಾಗುತ್ತದೆ. ಬೇರೆಲ್ಲ ಚಲನೆಗಳೂ e⁻ᵗ ಮತ್ತು e⁻⁵ᵗ ಎಂಬ ಈ ಎರಡರ ಮಿಶ್ರಣ. ಹಾಗಾಗಿ ತೆರೆದು ಹಿಡಿದು ಕೈಬಿಟ್ಟ ಬಾಗಿಲು ಅತ್ತ ದಾಟದೆ ಮೆಲ್ಲಗೆ ಮುಚ್ಚುತ್ತದೆ.

ಈಗ ಎಣ್ಣೆ ಸೋರಿತು. ತಡೆ 6ರಿಂದ 2ಕ್ಕೆ ಇಳಿಯಿತು ಅನ್ನೋಣ.

λ² + 2λ + 5 = 0

ಅಂದರೆ (λ + 1)² = −4. ವರ್ಗ ಮಾಡಿದರೆ ಋಣ ಸಂಖ್ಯೆ ಕೊಡುವ ವಾಸ್ತವ ಸಂಖ್ಯೆ ಇಲ್ಲ. ಉತ್ತರ −1 ± 2i ಎಂಬ ಸಂಕೀರ್ಣ ಸಂಖ್ಯೆಗಳು. ಇದು ಲೆಕ್ಕ ತಪ್ಪಿದ ಸೂಚನೆಯಲ್ಲ, ಬಾಗಿಲಿನ ಬಗ್ಗೆ ಒಂದು ಸುದ್ದಿ: ನಕ್ಷೆಯಲ್ಲಿ ನೇರ ದಾರಿ ಒಂದೂ ಉಳಿದಿಲ್ಲ. ಎಲ್ಲಿಂದ ಹೊರಟರೂ ದಾರಿ ಬಾಗಲೇಬೇಕು.

ಎಷ್ಟು ಬಾಗುತ್ತದೆ ಎಂಬುದಕ್ಕೆ ಆಯ್ಲರನ ಸೂತ್ರವಿದೆ. ಅದರಂತೆ e ಯ ಘಾತದಲ್ಲಿ 2i ಇದ್ದರೆ ಅದು cos 2t, sin 2t ಎಂಬ ತಿರುಗುವಿಕೆಯಾಗುತ್ತದೆ. ಉಳಿದ −1, e⁻ᵗ ಆಗಿ ಎಲ್ಲವನ್ನೂ ಕುಗ್ಗಿಸುತ್ತದೆ. ತಿರುಗುತ್ತಲೇ ಕುಗ್ಗುವುದೇ ಸುರುಳಿ. 40 ಡಿಗ್ರಿ ತೆರೆದು ಕೈಬಿಟ್ಟರೆ:

x = 40 e⁻ᵗ (cos 2t + ½ sin 2t)
v = −100 e⁻ᵗ sin 2t

ಸುಮಾರು 1 ಸೆಕೆಂಡಿಗೆ ಬಾಗಿಲು ಮುಚ್ಚುವ ಜಾಗಕ್ಕೆ ಬರುತ್ತದೆ. ಆದರೆ ಆಗ ಅದರ ವೇಗ ಸೆಕೆಂಡಿಗೆ 32 ಡಿಗ್ರಿ, ನಿಲ್ಲುವ ಮಾತೇ ಇಲ್ಲ. 1.57 ಸೆಕೆಂಡಿಗೆ ಅತ್ತ ಕಡೆ 8.3 ಡಿಗ್ರಿ ಹೋಗಿ ತಿರುಗುತ್ತದೆ. 3.14 ಸೆಕೆಂಡಿಗೆ ಇತ್ತ 1.7 ಡಿಗ್ರಿ.

ಸುರುಳಿ ಬರೆಯುವಾಗ ಹಲವರು ಎಡವುವುದು ದಿಕ್ಕಿನಲ್ಲಿ. ಅದನ್ನು ಐಗನ್ ಮೌಲ್ಯ ಹೇಳುವುದಿಲ್ಲ. ಒಂದು ಬಿಂದು ಹಾಕಿ ನೋಡಬೇಕು. x = 1, v = 0 ಇದ್ದಾಗ v' = −5, ಬಾಣ ಕೆಳಕ್ಕೆ. ಅಂದರೆ ಸುರುಳಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಒಳಕ್ಕೋ ಹೊರಕ್ಕೋ ಎಂಬುದನ್ನು ಹೇಳುವುದು ವಾಸ್ತವ ಭಾಗದ ಚಿಹ್ನೆ. ಋಣವಿದ್ದರೆ ಒಳಕ್ಕೆ, ಧನವಿದ್ದರೆ ಹೊರಕ್ಕೆ, ಸೊನ್ನೆಯಿದ್ದರೆ ಸುತ್ತಿದಲ್ಲೇ ಸುತ್ತು.

ಈ ಲೆಕ್ಕಕ್ಕೂ ಮಿತಿಯಿದೆ. ಸಮೀಕರಣದ ಬಾಗಿಲು ಸೊನ್ನೆಯ ಹತ್ತಿರ ಸರಿಯುತ್ತಲೇ ಇರುತ್ತದೆ, ಎಂದೂ ನಿಲ್ಲುವುದಿಲ್ಲ. ನಿಜವಾದ ಬಾಗಿಲಿನಲ್ಲಿ ಒಣ ಘರ್ಷಣೆಯಿದೆ. ವೇಗ ಕುಗ್ಗಿದರೂ ಅದು ಕುಗ್ಗುವುದಿಲ್ಲ. ಆದ್ದರಿಂದಲೇ ಎಷ್ಟೋ ಬಾಗಿಲುಗಳು ಕೂದಲೆಳೆಯಷ್ಟು ಓರೆಯಾಗಿ ನಿಂತುಬಿಡುತ್ತವೆ.

ಲೆಕ್ಕವನ್ನು ತಿರುಗಿಸಿಯೂ ಓದಬಹುದು. ಒಂದು ತುದಿಯಿಂದ ಇನ್ನೊಂದು ತುದಿಗೆ 1.57 ಸೆಕೆಂಡು ಹಿಡಿದರೆ, π ಯನ್ನು ಅದರಿಂದ ಭಾಗಿಸಿ. 2 ಸಿಕ್ಕಿತು, ಅದು ಕಾಲ್ಪನಿಕ ಭಾಗ. 40 ಡಿಗ್ರಿ 8.3ಕ್ಕೆ ಇಳಿದದ್ದು 4.8 ಪಟ್ಟು. ಅದರ ಸ್ವಾಭಾವಿಕ ಲಾಗರಿದಮ್ 1.57, ಭಾಗಿಸು 1.57, ಅಂದರೆ 1. ಕುಗ್ಗುತ್ತಿರುವುದರಿಂದ −1. ಪೆಟ್ಟಿಗೆಯ ಮುಚ್ಚಳ ತೆಗೆಯದೆಯೇ ಒಳಗಿನ ಎಣ್ಣೆಯ ತಡೆ ಗೊತ್ತಾಯಿತು: ಈ ಭಾಗದ ಇಮ್ಮಡಿ, 2.